ಮುಲಾಮು ಹಚ್ಚಿದಷ್ಟೂ ಹಬ್ಬುವ ಮಚ್ಚೆ

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಾನು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ. ನಮ್ಮೂರಿನ 32 ವರ್ಷದ ಹೆಣ್ಣುಮಗಳೊಬ್ಬಳಿಗೆ ಐದು ತಿಂಗಳಿಂದ ಸೊಂಟದ ಮೇಲೆ ಮಚ್ಚೆ ಇದೆ, ಈಗ ತೊಡೆಗೂ ಇಳಿದಿದೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಅವಳದು. ಅಂಗಡಿಯಲ್ಲಿ ಕೊಟ್ಟ ಮುಲಾಮು ಹಚ್ಚಿದರೆ ಎರಡು ದಿನದಲ್ಲಿ ಕಡಿತ ನಿಲ್ಲುತ್ತದೆ, ಬಿಟ್ಟರೆ ಮೊದಲಿಗಿಂತ ದೊಡ್ಡದಾಗಿ ಬರುತ್ತದೆ. ಈಗ ನಾಲ್ಕನೇ ಟ್ಯೂಬ್ ನಡೆದಿದೆ. ಮಚ್ಚೆಯ ನಡುವೆ ಬಣ್ಣ ತಿಳಿಯಾಗಿರುವುದರಿಂದ ಕುಷ್ಠ ಇರಬೇಕೆಂದು ಮನೆಯವರು ಅವಳ ತಟ್ಟೆ ಬೇರೆ ಇಟ್ಟಿದ್ದಾರೆ. ಪೆನ್ನಿನಿಂದ ಮುಟ್ಟಿದಾಗ ಗೊತ್ತಾಗುತ್ತದೆ ಅಂದಳು. ಗಂಡನಿಗೂ ತೊಡೆಸಂದಿಯಲ್ಲಿ ಕಡಿತ, ಆರು ವರ್ಷದ ಮಗನ ಸೊಂಟದಲ್ಲೂ ಸಣ್ಣದೊಂದು ಇದೆ. ನಾಲ್ಕು ಫೋಟೋ ಲಗತ್ತಿಸಿದ್ದೇನೆ. ಇದು ಕುಷ್ಠವೇ? ಮುಲಾಮು ಮುಂದುವರಿಸಲು ಹೇಳಲೇ?

ಉತ್ತರ: ಅಕ್ಕಾವರೇ, ಮೊದಲು ಆ ತಟ್ಟೆಯನ್ನು ಉಳಿದ ತಟ್ಟೆಗಳ ಜೊತೆ ಇಡಿಸಿ. ಕುಷ್ಠವೇ ಆಗಿದ್ದರೂ ಅದು ತಟ್ಟೆ, ಲೋಟದಿಂದ ಹರಡುವ ಕಾಯಿಲೆಯಲ್ಲ. ಮೇಲಾಗಿ ನಿಮ್ಮ ಫೋಟೋ ಮತ್ತು ನೀವು ಬರೆದ ವಿವರ ಎರಡನ್ನೂ ಕೂಡಿಸಿ ನೋಡಿದರೆ ಇದು ಕುಷ್ಠದಂತೆ ಕಾಣುವುದಿಲ್ಲ. ಇದು ಗಜಕರ್ಣ, ಅಂದರೆ ಹುಳುಕಡ್ಡಿ. ಆದರೆ ಸ್ಟೀರಾಯ್ಡ್ ಮುಲಾಮು ತಿಂದು ರೂಪ ಬದಲಿಸಿಕೊಂಡಿರುವ ಹುಳುಕಡ್ಡಿ. ಮುಲಾಮನ್ನು ಇವತ್ತೇ ನಿಲ್ಲಿಸಲು ಹೇಳಿ.

ಹೀಗೆ ಹೇಳಲು ಮುಖ್ಯ ಆಧಾರ ನಿಮ್ಮ ಮೊದಲನೇ ಫೋಟೋ. ಎಡ ಸೊಂಟದ ಮೇಲೆ, ಲಂಗದ ಲಾಡಿ ಬಿಗಿಯುವ ಗೆರೆಯಲ್ಲೇ ಮಚ್ಚೆ ಉದ್ದಕ್ಕೆ ಹಬ್ಬಿದೆ. ಅಂಚು ಉಬ್ಬಿದೆ, ಅಂಚಿನ ಮೇಲೆ ಸಣ್ಣ ಹೊಟ್ಟು ಇದೆ, ನಡುಭಾಗ ಸಪಾಟಾಗಿದೆ. ಇಷ್ಟು ಯಾವ ಹುಳುಕಡ್ಡಿಯಲ್ಲೂ ಕಾಣುತ್ತದೆ. ಇಲ್ಲಿ ಹೆಚ್ಚಿಗೆ ಇರುವುದು ಬಳೆಯೊಳಗೊಂದು ಬಳೆ. ಹೊರಗಿನ ಅಂಚಿನಿಂದ ಎರಡು ಬೆರಳು ಒಳಕ್ಕೆ ಇನ್ನೊಂದು ಅಂಚು ಎದ್ದಿದೆ ನೋಡಿ. ಸ್ಟೀರಾಯ್ಡ್ ಹಚ್ಚಿದಾಗ ಅಡಗಿದ ಶಿಲೀಂಧ್ರ, ಹಚ್ಚುವುದು ಬಿಟ್ಟಾಗ ಒಳಗಿನಿಂದ ಮತ್ತೆ ಹೊರಟಿದೆ. ಹಾಗಾಗಿ ಒಂದರೊಳಗೊಂದು ಬಳೆ ಕಂಡರೆ, ರೋಗಿ ಏನೂ ಹಚ್ಚಿಲ್ಲ ಎಂದರೂ, ಟ್ಯೂಬ್ ತೋರಿಸು ಎಂದು ಕೇಳಬೇಕು.

ಮೂರನೇ ಫೋಟೋ ತೊಡೆಯ ಒಳಭಾಗದ್ದು. ಅಲ್ಲಿ ಮಚ್ಚೆಗಿಂತ ನನ್ನ ಗಮನ ಹೋದದ್ದು ಅದರ ಪಕ್ಕದ ಹೊಳಪಿನ ಗೆರೆಗಳ ಕಡೆಗೆ. ಬಸುರಿಯರ ಹೊಟ್ಟೆಯ ಮೇಲೆ ಬರುವಂಥ ಗೆರೆಗಳು. ತೊಡೆಸಂದಿಯಲ್ಲಿ ಚರ್ಮ ತೆಳು, ಬೆವರಿಗೆ ಒದ್ದೆಯಾಗಿರುತ್ತದೆ, ಚರ್ಮಕ್ಕೆ ಚರ್ಮ ಅಂಟಿಕೊಂಡು ಮುಚ್ಚಳ ಹಾಕಿದಂತಿರುತ್ತದೆ. ಅಲ್ಲಿ ಹಚ್ಚಿದ ಸ್ಟೀರಾಯ್ಡ್ ಬೇರೆಡೆಗಿಂತ ಹೆಚ್ಚು ಒಳಗಿಳಿದು ಚರ್ಮದ ಆಧಾರದ ಎಳೆಗಳನ್ನೇ ಸವೆಸುತ್ತದೆ. ಈ ಗೆರೆಗಳು ಕಾಲಕ್ರಮದಲ್ಲಿ ಬಣ್ಣ ಮಾಸುತ್ತವೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಅವಳಿಗೆ ಇದನ್ನು ಈಗಲೇ ಹೇಳಿಬಿಡಿ. ಮಚ್ಚೆ ಗುಣವಾದ ಮೇಲೂ ಗೆರೆ ಉಳಿದಿರುವುದನ್ನು ಕಂಡು ಔಷಧಿ ಕೆಲಸ ಮಾಡಲಿಲ್ಲ ಎಂದುಕೊಳ್ಳಬಾರದು.

ನಾಲ್ಕನೇ ಫೋಟೋದಲ್ಲಿ ಟ್ಯೂಬಿನ ಹಿಂಭಾಗವನ್ನು ತೆಗೆದು ಕಳಿಸಿದ್ದು ಬಹಳ ಉಪಯೋಗವಾಯಿತು. ಅದರಲ್ಲಿರುವುದು ನಾಲ್ಕು ಔಷಧಿ: ಕ್ಲೋಬೆಟಾಸಾಲ್ ಶೇ. 0.05, ಆಫ್ಲಾಕ್ಸಸಿನ್, ಆರ್ನಿಡಜೋಲ್ ಮತ್ತು ಟರ್ಬಿನಾಫಿನ್. ಶಿಲೀಂಧ್ರದ ಮೇಲೆ ಕೆಲಸ ಮಾಡುವುದು ಕೊನೆಯದೊಂದೇ. ಮಧ್ಯದ ಎರಡಕ್ಕೆ ಈ ಕಾಯಿಲೆಯಲ್ಲಿ ಏನೂ ಕೆಲಸವಿಲ್ಲ. ಮೊದಲನೆಯದು ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಪ್ರಬಲ ವರ್ಗದ್ದು. ಶಿಲೀಂಧ್ರ ಬದುಕುವುದು ಚರ್ಮದ ಹೊರಪದರದ ಸತ್ತ ಕೋಶಗಳಲ್ಲಿ. ಕೆಂಪು, ಊತ, ಕಡಿತ ಇವೆಲ್ಲ ದೇಹ ಅದರ ವಿರುದ್ಧ ನಡೆಸುವ ಹೋರಾಟದ ಗುರುತುಗಳು. ಸ್ಟೀರಾಯ್ಡ್ ಆ ಹೋರಾಟವನ್ನು ನಿಲ್ಲಿಸುತ್ತದೆ. ಎರಡೇ ದಿನದಲ್ಲಿ ಕಡಿತ ಹೋಗುವುದು ಅದಕ್ಕೇ. ತಡೆಯುವವರಿಲ್ಲದೆ ಶಿಲೀಂಧ್ರ ಸದ್ದಿಲ್ಲದೆ ಸುತ್ತ ಹರಡುತ್ತದೆ. ಮುಲಾಮು ಬಿಟ್ಟ ಮೇಲೆ ದೇಹ ಎಚ್ಚೆತ್ತು ನೋಡುವಷ್ಟರಲ್ಲಿ ಮಚ್ಚೆ ದುಪ್ಪಟ್ಟಾಗಿರುತ್ತದೆ.

ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು ಎಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿದೆ. ಆದರೂ ಸಿಗುತ್ತಿವೆ. ಟ್ಯೂಬಿನ ಹೆಸರು ನೋಡಿ ಗುರುತಿಸಲು ಹೋಗಬೇಡಿ, ಹೆಸರುಗಳು ನೂರಾರು. ಒಳಗೇನಿದೆ ಎಂಬ ಸಾಲು ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್, ಫ್ಲುಸಿನೊಲೋನ್, ಇವುಗಳಲ್ಲಿ ಯಾವುದೇ ಒಂದು ಇದ್ದರೂ ಹುಳುಕಡ್ಡಿಗೆ ಆ ಟ್ಯೂಬ್ ಬೇಡ. ಈ ಐದು ಹೆಸರನ್ನು ನಿಮ್ಮ ಡೈರಿಯ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ಕುಷ್ಠದ ಅನುಮಾನ. ಸ್ಪರ್ಶ ನೋಡಿದ್ದು ಸರಿಯಾದ ಕೆಲಸ, ಏಕೆಂದರೆ ಅದು ಯಾವ ಫೋಟೋದಲ್ಲೂ ಕಾಣುವುದಿಲ್ಲ. ಆದರೆ "ಗೊತ್ತಾಗುತ್ತದೆಯೇ" ಎಂದು ಕೇಳಿದರೆ ಅರ್ಧ ಜನ ಹೌದು ಎಂದೇ ಅನ್ನುತ್ತಾರೆ, ಕಣ್ಣಿಗೆ ಪೆನ್ನು ಕಾಣುತ್ತಿರುತ್ತದಲ್ಲ. ಇನ್ನೊಮ್ಮೆ ಹೀಗೆ ನೋಡಿ. ಮೊದಲು ಅವಳ ಮುಂಗೈಯ ಒಳ್ಳೆಯ ಚರ್ಮವನ್ನು ಬಾಲ್‌ಪೆನ್ನಿನ ತುದಿಯಿಂದ ಹಗುರವಾಗಿ ಮುಟ್ಟಿ, ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸಬೇಕೆಂದು ಕಲಿಸಿ. ಆಮೇಲೆ ಕಣ್ಣು ಮುಚ್ಚಿಸಿ. ಮಚ್ಚೆಯ ಮೇಲೊಮ್ಮೆ, ಹೊರಗೊಮ್ಮೆ, ಅಂದಾಜು ಸಿಗದ ಹಾಗೆ ಬಿಟ್ಟುಬಿಟ್ಟು ಮುಟ್ಟಿ. ಪೆನ್ನನ್ನು ಎಳೆಯಬಾರದು, ಒತ್ತಬಾರದು, ಚರ್ಮ ತುಸುವೇ ತಗ್ಗುವಷ್ಟು ಸಾಕು. ಮಚ್ಚೆಯ ನಡುವೆ ಮುಟ್ಟಿದ್ದನ್ನು ಪ್ರತಿ ಸಲವೂ ಬೆರಳಿಟ್ಟು ತೋರಿಸಿದರೆ ಸ್ಪರ್ಶ ಇದೆ ಎಂದರ್ಥ.

ಹುಳುಕಡ್ಡಿ ಕಡಿಯುತ್ತದೆ, ಅಂಚಿನಲ್ಲಿ ಹೊಟ್ಟು ಬಿಡುತ್ತದೆ, ವಾರ ವಾರಕ್ಕೆ ಬೆಳೆಯುತ್ತದೆ. ಕುಷ್ಠದ ಮಚ್ಚೆಗೆ ಸಾಮಾನ್ಯವಾಗಿ ಕಡಿತವಿಲ್ಲ, ಬೆಳೆಯುವುದು ತಿಂಗಳು, ವರ್ಷಗಳ ಲೆಕ್ಕದಲ್ಲಿ, ಅದರ ಮೇಲೆ ಬೆವರು ಕಡಿಮೆ, ಕೂದಲು ವಿರಳ. ನಿಮ್ಮನ್ನು ಗೊಂದಲಕ್ಕೆ ಹಾಕಿದ ನಡುವಿನ ತಿಳಿ ಬಣ್ಣ ಇಲ್ಲಿ ಸ್ಟೀರಾಯ್ಡ್‌ನದೇ ಗುರುತು, ತಿಂಗಳುಗಳಲ್ಲಿ ತುಂಬಿಕೊಳ್ಳುತ್ತದೆ. ಮೊಣಕೈ ಹಿಂದಿನ ತಗ್ಗಿನಲ್ಲಿ ಹಗ್ಗದಂತೆ ದಪ್ಪಗಾದ ನರ ಸಿಕ್ಕರೆ, ಕಿರುಬೆರಳಿನಲ್ಲಿ ಬಲ ಕಡಿಮೆಯಾಗಿದ್ದರೆ, ಅಥವಾ ಸ್ಪರ್ಶ ಪರೀಕ್ಷೆಯಲ್ಲಿ ಒಂದೆರಡು ಸಲವಾದರೂ ತಪ್ಪಿದರೆ ನನ್ನ ಈ ಉತ್ತರವನ್ನು ನೆಚ್ಚದೆ ಅವಳನ್ನು ಕರೆದುಕೊಂಡು ಬನ್ನಿ.

ಎರಡನೇ ಫೋಟೋ ಮಸುಕಾಗಿದೆ, ಅದರಿಂದ ಏನೂ ಹೇಳಲಾಗದು. ಚರ್ಮಕ್ಕೆ ತೀರಾ ಹತ್ತಿರ ಹಿಡಿದರೆ ಮೊಬೈಲ್ ಕ್ಯಾಮೆರಾ ಫೋಕಸ್ ಆಗುವುದಿಲ್ಲ. ಒಂದು ಗೇಣು ದೂರ ಹಿಡಿದು, ಪರದೆಯ ಮೇಲೆ ಮಚ್ಚೆಯ ಅಂಚನ್ನೇ ಒತ್ತಿ ಫೋಕಸ್ ಮಾಡಿ ತೆಗೆಯಿರಿ. ಫ್ಲ್ಯಾಶ್ ಬೇಡ, ಅದು ಅಂಚಿನ ಉಬ್ಬನ್ನು ಅಳಿಸಿಬಿಡುತ್ತದೆ. ಬಾಗಿಲ ಪಕ್ಕ ಕೂರಿಸಿ ಬೆಳಕು ಒಂದು ಬದಿಯಿಂದ ಬೀಳುವಂತಿರಲಿ. ಮಚ್ಚೆಯ ಪಕ್ಕ ಹತ್ತು ರೂಪಾಯಿ ನಾಣ್ಯ ಇಡಿ. ಅದರ ಅಡ್ಡಳತೆ 27 ಮಿಲಿಮೀಟರ್, ಮುಂದಿನ ತಿಂಗಳ ಫೋಟೋದ ಜೊತೆ ಹೋಲಿಸಲು ಅದೇ ಅಳತೆಗೋಲು. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ತೆಗೆದ ಹಾಗೇ ಬರುತ್ತದೆ. ಮೊದಲ ಫೋಟೋದಲ್ಲಿ ಅವಳ ಕೈಮೇಲಿನ ಹಚ್ಚೆಯ ಹೆಸರು ಕಾಣುತ್ತಿದೆ. ಮುಖ ಬಿಟ್ಟರೆ ಸಾಲದು, ಹಚ್ಚೆ, ತಾಳಿ ಯಾವುದೂ ಬರಬಾರದು. ನನಗೆ ತಲುಪಿದ ಮೇಲೆ ನಿಮ್ಮ ಫೋನಿನ ಗ್ಯಾಲರಿಯಿಂದ ತೊಡೆಯ ಫೋಟೋವನ್ನು ಅಳಿಸಿಬಿಡಿ, ಆ ಫೋನು ಮನೆಯ ಮಕ್ಕಳ ಕೈಗೂ ಹೋಗುತ್ತದೆ.

ಫೋಟೋ ಇಷ್ಟು ಸ್ಪಷ್ಟ ಹೇಳಿದರೂ ಗುಳಿಗೆ ಶುರುಮಾಡುವ ಮುನ್ನ ಕೆಒಎಚ್ ಪರೀಕ್ಷೆ ಒಂದಾಗಲಿ. ಅಂಚಿನ ಹೊಟ್ಟನ್ನು ಬ್ಲೇಡಿನ ಮೊಂಡು ಬದಿಯಿಂದ ಕೆರೆದು ಗಾಜಿನ ಪಟ್ಟಿಯ ಮೇಲೆ ಹಾಕಿ, ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟು, ಹದಿನೈದು ಇಪ್ಪತ್ತು ನಿಮಿಷ ಕಾಯುತ್ತಾರೆ. ಚರ್ಮದ ಕೋಶಗಳು ಕರಗಿ ತಿಳಿಯಾದಾಗ ಶಿಲೀಂಧ್ರದ ಕವಲೊಡೆದ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತವೆ. ಸ್ಟೀರಾಯ್ಡ್ ಹಚ್ಚಿದವರಲ್ಲಿ ಎಳೆಗಳು ರಾಶಿ ರಾಶಿ ಇರುತ್ತವೆ. ನಡುವಿನ ಸಪಾಟು ಭಾಗ ಕೆರೆದರೆ ಏನೂ ಸಿಗದಿರಬಹುದು, ಎಣ್ಣೆ ಅಥವಾ ಮುಲಾಮು ಇದ್ದರೆ ಗಾಜಿನ ಮೇಲೆ ಬರೀ ಗುಳ್ಳೆ ಕಾಣುತ್ತವೆ. ಹಾಗಾಗಿ ಜಿಲ್ಲಾ ಆಸ್ಪತ್ರೆಗೆ ಕಳಿಸುವ ಮುಂಚಿನ ನಾಲ್ಕು ದಿನ ಏನನ್ನೂ ಹಚ್ಚಬಾರದು. ಎಕ್ಕದ ಹಾಲು, ಬೆಳ್ಳುಳ್ಳಿ ರಸ ಅಂತೂ ಯಾವತ್ತೂ ಬೇಡ, ಸ್ಟೀರಾಯ್ಡ್‌ನಿಂದ ತೆಳುವಾದ ಚರ್ಮವನ್ನು ಅವು ಸುಟ್ಟೇ ಬಿಡುತ್ತವೆ. ಆ ದಿನಗಳ ಕಡಿತಕ್ಕೆ ರಾತ್ರಿ ಒಂದು ಸೆಟ್ರಿಜಿನ್ 10 ಮಿಲಿಗ್ರಾಂ ಗುಳಿಗೆ ಸಾಕು. ಬಸುರಿಯಲ್ಲ ಎಂದು ಖಾತ್ರಿ ಮಾಡಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ ಕೊಡಿ. ರಕ್ತದ ಸಕ್ಕರೆಯನ್ನೂ ಅದೇ ದಿನ ನೋಡಿಸಿ.

ಎಳೆ ಕಂಡರೆ ನಾನು ಬರೆಯುವುದು ಇಟ್ರಕೊನಜೋಲ್ 100 ಮಿಲಿಗ್ರಾಂ ಕ್ಯಾಪ್ಸೂಲ್, ಬೆಳಿಗ್ಗೆ ಒಂದು, ರಾತ್ರಿ ಒಂದು. ಟರ್ಬಿನಾಫಿನ್ ಗುಳಿಗೆಯಿಂದ ಯಾಕೆ ಶುರುಮಾಡುವುದಿಲ್ಲ ಎಂದರೆ, ಈಗ ನಮ್ಮ ದೇಶದಲ್ಲಿ ಹೆಚ್ಚಾಗಿ ಹಬ್ಬಿರುವ ಶಿಲೀಂಧ್ರದ ತಳಿಗೆ ಆ ಔಷಧಿ ಎಷ್ಟೋ ಸಲ ನಾಟುವುದೇ ಇಲ್ಲ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಹೋಗಿ ಕೂರಬೇಕಾದ ಕಿಣ್ವವೇ ಅದರಲ್ಲಿ ಸ್ವಲ್ಪ ಬದಲಾಗಿಬಿಟ್ಟಿದೆ. ಅವಧಿ ಕಡಿಮೆಯೆಂದರೆ ನಾಲ್ಕು ವಾರ. ಸ್ಟೀರಾಯ್ಡ್ ಹಚ್ಚಿದ ಇಂಥ ಪ್ರಕರಣಗಳಲ್ಲಿ ಆರರಿಂದ ಎಂಟು ವಾರ ಬೇಕಾಗುವುದೇ ಹೆಚ್ಚು.

ಈ ಕ್ಯಾಪ್ಸೂಲ್ ವಿಷಯದಲ್ಲಿ ನಿಮ್ಮ ಕೆಲಸ ಎರಡು. ಒಂದು, ನುಂಗಿಸುವ ರೀತಿ. ಇದು ಹೊಟ್ಟೆಯ ಆಮ್ಲದಲ್ಲಿ ಕರಗಿದರೆ ಮಾತ್ರ ರಕ್ತಕ್ಕೆ ಸೇರುತ್ತದೆ. ರೊಟ್ಟಿ ಊಟ ಮುಗಿದ ಕೂಡಲೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಅಲ್ಲ. ಜೊತೆಗೆ ಪ್ಯಾಂಟಪ್ರಜೋಲ್‌ನಂಥ ಗ್ಯಾಸ್ ಗುಳಿಗೆ ನುಂಗಿದರೆ ಆಮ್ಲವೇ ಇಲ್ಲದಂತಾಗಿ ಔಷಧಿ ಹಾಗೆಯೇ ಹೊರಟುಹೋಗುತ್ತದೆ. ದಿನಾ ಗುಳಿಗೆ ನುಂಗಿದರೂ ಗುಣವಾಗಲಿಲ್ಲ ಎನ್ನುವವರಲ್ಲಿ ನಾನು ಮೊದಲು ಕೇಳುವುದೇ ಇದನ್ನು. ಎರಡು, ಯಾರಿಗೆ ಕೊಡಬಾರದು ಎಂಬುದು. ಕಳೆದ ಮುಟ್ಟಿನ ದಿನಾಂಕ ಬರೆದು ಕಳಿಸಿ. ಬಸುರಿಗೆ ಇದು ಬೇಡ, ಮುಗಿದ ಮೇಲಿನ ಮುಂದಿನ ಮುಟ್ಟಿನವರೆಗೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಹೃದಯ ವೈಫಲ್ಯ, ಕಾಮಾಲೆ ಆದವರಿಗೆ ಬೇಡ. ಕ್ಷಯದ ರಿಫಾಂಪಿಸಿನ್ ನಡೆಯುತ್ತಿದ್ದರೆ ಇದು ನಾಟುವುದಿಲ್ಲ, ಕೊಲೆಸ್ಟ್ರಾಲ್ ಗುಳಿಗೆ ಕೆಲವು ಇದರ ಜೊತೆ ಅಪಾಯ. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಅವಳ ಕೈಯಲ್ಲೇ ಕಳಿಸಿಕೊಡಿ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ, ಕಾಲು ಊದಿದರೆ ಅವತ್ತೇ ನಿಲ್ಲಿಸಿ ನನಗೆ ತಿಳಿಸಿ.

ಮೇಲೆ ಹಚ್ಚಲು ಕ್ಲೋಟ್ರಿಮಜೋಲ್ ಶೇ. 1, ಅದೊಂದೇ ಇರುವ ಟ್ಯೂಬ್. ಇಲ್ಲಿ ಎಡವುವುದು ಅಳತೆಯಲ್ಲಿ. ತೋರುಬೆರಳಿನ ಕೊನೆಯ ಗೆಣ್ಣಿನಿಂದ ತುದಿಯವರೆಗೆ ಹಿಂಡಿದ ಗೆರೆ ಸುಮಾರು ಅರ್ಧ ಗ್ರಾಂ, ಅದು ದೊಡ್ಡವರ ಬೆರಳೂ ಸೇರಿದ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನಿಮ್ಮ ಫೋಟೋದ ಅಂದಾಜಿನಲ್ಲಿ ಸೊಂಟ, ತೊಡೆ ಸೇರಿ ಆರು ಅಂಗೈ. ಅಂಚಿನಾಚೆ ಕಣ್ಣಿಗೆ ಒಳ್ಳೆಯದಾಗಿ ಕಾಣುವ ಚರ್ಮದಲ್ಲೂ ಎಳೆಗಳಿರುವುದರಿಂದ ಸುತ್ತ ಎರಡು ಸೆಂಟಿಮೀಟರ್ ಹೆಚ್ಚಿಗೆ ಹಚ್ಚಬೇಕು, ಅಲ್ಲಿಗೆ ಎಂಟು ಅಂಗೈ. ಒಂದು ಸಲಕ್ಕೆ ಎರಡು ಗ್ರಾಂ, ದಿನಕ್ಕೆರಡು ಸಲವಾದರೆ ನಾಲ್ಕು ಗ್ರಾಂ. 15 ಗ್ರಾಂ ಟ್ಯೂಬ್ ನಾಲ್ಕು ದಿನಕ್ಕೆ ಮುಗಿಯಬೇಕು. ಒಂದು ಟ್ಯೂಬ್ ತಿಂಗಳು ಬಂತು ಎಂದರೆ ಹಚ್ಚಿಲ್ಲ ಎಂದೇ ತಿಳಿಯಿರಿ. ಕೇಂದ್ರದಲ್ಲಿ ಒಂದೇ ಟ್ಯೂಬ್ ಕೊಟ್ಟು ಕಳಿಸಿದರೆ ಈ ಲೆಕ್ಕ ಹೇಳಿ ಹೆಚ್ಚು ಕೇಳಿ.

ಮೆಣಸಿನಕಾಯಿ ಕೆಲಸದ ಕೈ ಬೇರೆ. ಖಾರ ನೀರಿಗೆ ಹೋಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಕೈಗೆ ಮೊದಲು ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪಿನಿಂದ ಎರಡು ಸಲ ತೊಳೆದು ಮುಲಾಮು ಮುಟ್ಟಬೇಕು. ಇಲ್ಲದಿದ್ದರೆ ಉರಿ ಎದ್ದು, ಹೊಸ ಮುಲಾಮೇ ಸುಡುತ್ತದೆ ಎಂದು ಬಿಟ್ಟುಬಿಡುತ್ತಾಳೆ. ಕೆಲಸದಿಂದ ಬಂದು ಸ್ನಾನ ಮಾಡಿ, ಮೈ ಪೂರ್ತಿ ಒಣಗಿಸಿಕೊಂಡು ಹಚ್ಚುವುದು ಒಳ್ಳೆಯದು.

ಚಿಕಿತ್ಸೆ ಕೆಡುವುದು ಬಹುತೇಕ ಮೊದಲ ಹತ್ತು ದಿನಗಳಲ್ಲೇ. ಸ್ಟೀರಾಯ್ಡ್ ನಿಂತ ಮೂರು ನಾಲ್ಕನೇ ದಿನಕ್ಕೆ ಮಚ್ಚೆ ಕೆಂಪಗಾಗಿ ಕಡಿತ ಜೋರಾಗುತ್ತದೆ. ರೋಗಿಗೆ ಅನಿಸುವುದು, ದವಾಖಾನೆಯ ಔಷಧಿಯಿಂದ ಹೆಚ್ಚಾಯಿತು, ಅಂಗಡಿಯದೇ ವಾಸಿ ಎಂದು. ಅವತ್ತೇ ರಾತ್ರಿ ಹಳೆಯ ಟ್ಯೂಬ್ ಹೊರಬರುತ್ತದೆ. ಆದ್ದರಿಂದ ಹಳೆಯ ಟ್ಯೂಬನ್ನು ನೀವೇ ತೆಗೆದುಕೊಂಡು ಹೋಗಿ, ಕಡಿತ ಹೆಚ್ಚಾಗುತ್ತದೆ ಎಂದು ಮುಂಚೆಯೇ ಹೇಳಿ, ನಾಲ್ಕನೇ ದಿನ ಮತ್ತು ಎಂಟನೇ ದಿನ ಅವರ ಮನೆಗೆ ಹೋಗಿ ಬನ್ನಿ. ಸೆಟ್ರಿಜಿನ್ ಈ ಹತ್ತು ದಿನವೂ ಮುಂದುವರಿಯಲಿ. ಕೆಂಪು ಹೆಚ್ಚಾಗಿ ಕೀವು, ಜ್ವರ ಬಂದರೆ ಮಾತ್ರ ಅದು ಬೇರೆ ಸೋಂಕು, ಕಾಯದೆ ಕಳಿಸಿ.

ಗಂಡ, ಮಗ ಇಬ್ಬರನ್ನೂ ಅದೇ ದಿನ ತೋರಿಸಬೇಕು. ಮಗುವಿಗೆ ಸಣ್ಣದೊಂದೇ ಇದ್ದರೆ ಕ್ಲೋಟ್ರಿಮಜೋಲ್ ಹಚ್ಚುವುದೇ ಸಾಕಾಗುತ್ತದೆ, ಗಂಡನಿಗೆ ಗುಳಿಗೆ ಬೇಕಾಗಬಹುದು. ಇಬ್ಬರ ಉಡದಾರವನ್ನೂ ಬಿಚ್ಚಿಸಿ. ಬೆವರು ಹೀರಿದ ಆ ದಾರದಲ್ಲಿ ಶಿಲೀಂಧ್ರದ ಬೀಜಕಣ ಕೂತಿರುತ್ತದೆ, ಚರ್ಮ ಗುಣವಾದ ಮೇಲೂ ಅದೇ ಗೆರೆಯಲ್ಲಿ ಮತ್ತೆ ಏಳುತ್ತದೆ. ಬಿಚ್ಚಲು ಹಿರಿಯರು ಒಪ್ಪದಿದ್ದರೆ ಹಳೆಯದನ್ನು ಸುಟ್ಟು, ಗುಣವಾದ ಮೇಲೆ ಹೊಸದು ಕಟ್ಟಲಿ ಎನ್ನಿ, ಹೆಚ್ಚಿನವರು ಒಪ್ಪುತ್ತಾರೆ. ಅವಳ ಲಂಗದ ಲಾಡಿಗೂ ಇದೇ ಮಾತು. ಹೊಸ ಲಾಡಿ ಹಾಕಿ, ದಿನವೂ ಒಂದೇ ಗೆರೆಗೆ ಬಿಗಿಯದೆ ಸಡಿಲ ಕಟ್ಟಲಿ.

ಮೂವರೂ ಒಂದೇ ಕೌದಿ ಹೊದೆಯುತ್ತಿದ್ದರೆ ಅದೂ ಒಂದು ದಾರಿಯೇ. ಕೌದಿಯನ್ನು ದಿನಾ ಒಗೆಯಲಾಗದು. ಒಳಗೆ ತೆಳು ಚಾದರ ಹೊದ್ದು ಅದನ್ನು ಒಗೆಯಲಿ, ಕೌದಿಯನ್ನು ಮಗುಚಿ ಹಾಕುತ್ತ ಮಧ್ಯಾಹ್ನದ ಬಿಸಿಲಿಗೆ ಒಣಗಿಸಲಿ. ಒಳಉಡುಪು, ಟವೆಲ್, ಲಂಗ ಇವನ್ನು ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿ, ಬೇರೆಯಾಗಿ ಒಗೆದು, ಒಳಮೈ ಹೊರಮಾಡಿ ಬಿಸಿಲಿಗೆ ಹಾಕಬೇಕು. ಟವೆಲ್ ಒಬ್ಬರಿಗೊಂದು.

ಎರಡು ವಾರಕ್ಕೆ ಕಡಿತ ಹೋಗುತ್ತದೆ, ನಿಲ್ಲಿಸುವ ಮನಸ್ಸಾಗುವುದು ಆಗಲೇ. ಕಡಿತವನ್ನು ನಂಬದೆ ಬೆರಳನ್ನು ನಂಬಿ. ಕಣ್ಣು ಮುಚ್ಚಿ ಮಚ್ಚೆಯ ಹೊರಗಿನಿಂದ ಒಳಕ್ಕೆ ಬೆರಳು ಸರಿಸಿದಾಗ ಅಂಚು ಸಿಕ್ಕರೆ, ಉಗುರಿಗೆ ಹೊಟ್ಟು ಉದುರಿದರೆ ಕಾಯಿಲೆ ಇನ್ನೂ ಇದೆ. ಉಬ್ಬೂ ಇಲ್ಲ, ಹೊಟ್ಟೂ ಇಲ್ಲ, ಕಂದು ಕಲೆ ಮಾತ್ರ ಇದೆ ಎಂದರೆ ಅದು ಕಲೆಯಷ್ಟೇ, ಅದಕ್ಕೆ ಔಷಧಿ ಬೇಡ. ಹಾಗೆ ಸಪಾಟಾದ ದಿನದಿಂದ ಇನ್ನೆರಡು ವಾರ ಮುಲಾಮು ಮುಂದುವರಿಯಬೇಕು.

28ನೇ ದಿನ ಅದೇ ಬಾಗಿಲ ಬೆಳಕಿನಲ್ಲಿ, ಅದೇ ನಾಣ್ಯ ಇಟ್ಟು, ಸೊಂಟದ ಒಂದು ದೂರದ ಮತ್ತು ಒಂದು ಹತ್ತಿರದ ಫೋಟೋ ಕಳಿಸಿ. ಖಾಲಿಯಾದ ಟ್ಯೂಬ್ ಎಷ್ಟು, ಉಳಿದ ಕ್ಯಾಪ್ಸೂಲ್ ಎಷ್ಟು ಎಂದು ಎಣಿಸಿ ಬರೆಯಿರಿ. ಅಳತೆ ಸರಿಯಿದ್ದೂ, ಗಂಡನಿಗೂ ಚಿಕಿತ್ಸೆ ನಡೆದಿದ್ದೂ ಅಂಚು ಹಾಗೇ ಇದ್ದರೆ ಇಲ್ಲೇ ಮತ್ತೊಮ್ಮೆ ಕೆರೆದು ನೋಡುತ್ತೇನೆ, ಹೊಟ್ಟನ್ನು ಶಿಲೀಂಧ್ರ ಬೆಳೆಸಿ ನೋಡಲು ವೈದ್ಯಕೀಯ ಕಾಲೇಜಿನ ಲ್ಯಾಬಿಗೆ ಕಳಿಸುತ್ತೇನೆ. ಅಷ್ಟರವರೆಗೆ ಗುಳಿಗೆ ಬದಲಿಸಲು ಯಾರು ಹೇಳಿದರೂ ಒಪ್ಪಬೇಡಿ.